ಬಾಲ್ಕನಿಯ ಬಿಸಿಲು ಮತ್ತು ಕುಂಡಗಳ ಸ್ಥಳ ಬದಲಾವಣೆ

ಕೃಷಿ ಮೇಳದಲ್ಲಿ ತಿಪಟೂರು ಕಡೆಯ ಹಿರಿಯ ರೈತರೊಬ್ಬರು ನಮ್ಮ ಮಳಿಗೆಗೆ ಬಂದು ಒಂದು ತೊಂದರೆಯನ್ನು ಹೇಳಿಕೊಂಡರು. ಹೊಲವನ್ನು ಹಿರಿಯ ಮಗನಿಗೆ ಒಪ್ಪಿಸಿ, ಬೆಂಗಳೂರಿನಲ್ಲಿ ಕಿರಿಯ ಮಗನ ಮನೆಯಲ್ಲಿ ಅವರು ಇದ್ದರು. ಎರಡನೆಯ ಅಂತಸ್ತಿನ ಮನೆ. ದಕ್ಷಿಣಕ್ಕೆ ಒಂದು ಬಾಲ್ಕನಿ. ಅಕ್ಟೋಬರ್ ತಿಂಗಳಲ್ಲಿ ಏಳು ಕುಂಡಗಳನ್ನು ಇಟ್ಟು ಮೆಣಸಿನಕಾಯಿ, ಟೊಮೇಟೊ, ತುಳಸಿ ಬೆಳೆಸಿದರು. ಜನವರಿಯಲ್ಲಿ ಮನೆಗೆ ಸಾಲುವಷ್ಟು ಕಾಯಿ ಸಿಕ್ಕಿತು. ಏಪ್ರಿಲ್ ಬಂದಾಗ ಗಿಡಗಳು ಸೊರಗಿದವು. ಜೂನ್ ತಿಂಗಳಲ್ಲಿ ಹೂವೆಲ್ಲ ಉದುರಿತು. ಗೊಬ್ಬರ ಸಾಲದೆಂದು ಯೂರಿಯಾ ಹಾಕಿದರು, ನೀರು ಹೆಚ್ಚಿಸಿದರು. ಎರಡು ಗಿಡಗಳು ಬೇರು ಕೊಳೆತು ಸತ್ತವು. ಮರುವರ್ಷ ಮಣ್ಣನ್ನೇ ಬದಲಾಯಿಸಿದರು. ಆಗಲೂ ಅದೇ ಕಥೆ.

"ನಲವತ್ತು ವರ್ಷ ಮೆಣಸಿನಕಾಯಿ ಬೆಳೆದೋನು ನಾನು ಸಾರ್. ಏಳು ಕುಂಡ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ಸೊಸೆ ಮುಂದೆ ಮುಖ ತೋರ್ಸೋಕೆ ನಾಚಿಕೆ ಆಗುತ್ತೆ" ಎಂದರು.

"ಯಜಮಾನರೇ, ಜೂನ್ ತಿಂಗಳಲ್ಲಿ ಆ ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತು ಬೀಳುತ್ತೆ?" ಎಂದು ಕೇಳಿದೆ.

ಅವರು ಸ್ವಲ್ಪ ಯೋಚಿಸಿ, "ದಕ್ಷಿಣದ ಕಡೆ ಅಲ್ವಾ ಸಾರ್, ಬೀಳಲೇಬೇಕು" ಎಂದರು.

ಬೀಳುವುದಿಲ್ಲ ಎಂಬುದೇ ಇಲ್ಲಿನ ವಿಷಯ. ಅವರ ಗಿಡಗಳಿಗೆ ರೋಗವೂ ಇರಲಿಲ್ಲ, ಗೊಬ್ಬರದ ಕೊರತೆಯೂ ಇರಲಿಲ್ಲ. ವರ್ಷದಲ್ಲಿ ಸುಮಾರು ನಾಲ್ಕು ತಿಂಗಳ ಕಾಲ ಬೆಂಗಳೂರಿನ ದಕ್ಷಿಣ ಗೋಡೆಗೆ ನೇರ ಬಿಸಿಲು ಒಂದು ನಿಮಿಷವೂ ತಾಗುವುದಿಲ್ಲ. ಆ ಕಾಲದಲ್ಲಿ ಬಿಸಿಲು ಮನೆಯ ಉತ್ತರ ದಿಕ್ಕಿಗೆ ಹೋಗಿರುತ್ತದೆ. ತೆರೆದ ಹೊಲದಲ್ಲಿ ಇದು ರೈತನ ಗಮನಕ್ಕೆ ಬರುವುದಿಲ್ಲ. ಸೂರ್ಯನು ಯಾವ ಕಡೆಗೆ ವಾಲಿದರೂ ಬೆಳೆಗೆ ಬಿಸಿಲು ಸಿಕ್ಕೇ ಸಿಗುತ್ತದೆ. ಮೇಲೆ ಸೂರು, ಹಿಂದೆ ಗೋಡೆ, ಮುಂದೆ ಮೋಟುಗೋಡೆ ಇರುವ ಬಾಲ್ಕನಿಯಲ್ಲಿ ಮಾತ್ರ ಸೂರ್ಯನ ವಾಲಿಕೆಯೇ ಬೆಳೆಯನ್ನು ನಿರ್ಧರಿಸುತ್ತದೆ.

ಸೂರ್ಯನು ನೆತ್ತಿಯನ್ನು ಎರಡು ಬಾರಿ ದಾಟುತ್ತಾನೆ

ಭೂಮಿಯ ಅಕ್ಷವು ಸುಮಾರು 23.5 ಡಿಗ್ರಿ ವಾಲಿರುವುದರಿಂದ, ಮಧ್ಯಾಹ್ನದ ಸೂರ್ಯನು ಜೂನ್ 21ರ ಸುಮಾರಿಗೆ ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲೆಯೂ, ಡಿಸೆಂಬರ್ 21ರ ಸುಮಾರಿಗೆ ಮಕರ ಸಂಕ್ರಾಂತಿ ವೃತ್ತದ ಮೇಲೆಯೂ ನೆತ್ತಿಗೆ ಬರುತ್ತಾನೆ. ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕಿದೆ. ಅಂದರೆ ಈ ಎರಡು ವೃತ್ತಗಳ ನಡುವೆಯೇ ಇದೆ. ಆದ್ದರಿಂದ ಉತ್ತರಕ್ಕೆ ಹೋಗುವಾಗ ಒಮ್ಮೆ, ದಕ್ಷಿಣಕ್ಕೆ ಹಿಂತಿರುಗುವಾಗ ಇನ್ನೊಮ್ಮೆ ಸೂರ್ಯನು ಬೆಂಗಳೂರಿನ ನೆತ್ತಿಯನ್ನು ದಾಟುತ್ತಾನೆ. ಮೊದಲನೆಯದು ಏಪ್ರಿಲ್ 24ರ ಸುಮಾರಿಗೆ, ಅಂದರೆ ಅಶ್ವಿನಿ ಮಳೆ ಮುಗಿಯುತ್ತ ಬರುವಾಗ. ಎರಡನೆಯದು ಆಗಸ್ಟ್ 18ರ ಸುಮಾರಿಗೆ, ಮಘೆ ಮಳೆ ಹುಟ್ಟುವ ಹೊತ್ತಿಗೆ. ಆ ದಿನಗಳಲ್ಲಿ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ.

ಈ ಎರಡು ದಿನಗಳ ನಡುವೆ ಸೂರ್ಯನು ಉತ್ತರದ ಕಡೆಯಿಂದ ಹುಟ್ಟಿ, ಮಧ್ಯಾಹ್ನ ನೆತ್ತಿಯ ಉತ್ತರಕ್ಕೆ ಸರಿದು, ಉತ್ತರದ ಕಡೆಯಲ್ಲೇ ಮುಳುಗುತ್ತಾನೆ. ದಿನದ ಯಾವ ಗಳಿಗೆಯಲ್ಲೂ ದಕ್ಷಿಣಕ್ಕೆ ಬರುವುದಿಲ್ಲ. ಮೃಗಶಿರ ಮುಗಿದು ಆರಿದ್ರಾ ಹುಟ್ಟುವ ಹೊತ್ತಿಗೆ ಅವನು ಹುಟ್ಟುವ ಜಾಗ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕಿರುತ್ತದೆ. ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕಿರುತ್ತದೆ.

ರಾಜ್ಯದ ಉತ್ತರಕ್ಕೆ ಹೋದಂತೆ ಈ ಅವಧಿ ಕಡಿಮೆಯಾಗುತ್ತದೆ. ಧಾರವಾಡದಲ್ಲಿ ಸೂರ್ಯನು ನೆತ್ತಿಗೆ ಬರುವುದು ಮೇ ಆರಂಭದಲ್ಲಿ ಮತ್ತು ಆಗಸ್ಟ್ 10ರ ಸುಮಾರಿಗೆ. ಬೀದರಿನಲ್ಲಿ ಮೇ 12 ಮತ್ತು ಆಗಸ್ಟ್ 1ರ ಸುಮಾರಿಗೆ. ದೆಹಲಿಯಲ್ಲಿ ಸೂರ್ಯನು ನೆತ್ತಿಗೆ ಬರುವುದೇ ಇಲ್ಲ. ಅಲ್ಲಿ ವರ್ಷವಿಡೀ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ. ದಕ್ಷಿಣದ ಬಾಲ್ಕನಿಗೆ ಸದಾ ಬಿಸಿಲು, ಉತ್ತರದ ಬಾಲ್ಕನಿಗೆ ಸದಾ ನೆರಳು ಎಂಬ ಸಲಹೆ ಅಂತಹ ದೇಶಪ್ರದೇಶಗಳಿಗೆ ಬಹುಮಟ್ಟಿಗೆ ಸರಿ. ಕರ್ನಾಟಕಕ್ಕೆ ಅದನ್ನು ಹಾಗೆಯೇ ತಂದರೆ ತಪ್ಪಾಗುತ್ತದೆ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ವಾಲಿಕೆ ಹೊಸದಲ್ಲ. ಮಳೆಗಾಲ ಮುಗಿದು ಸೂರ್ಯನು ದಕ್ಷಿಣಕ್ಕೆ ಸರಿದ ಮೇಲೆ ಮರದ ಕಾಂಡಕ್ಕೆ ನೈಋತ್ಯದಿಂದ ಬಿಸಿಲು ಬಡಿಯುತ್ತದೆಂದು ಅವರು ಆ ಬದಿಗೆ ಸೋಗೆ ಕಟ್ಟುತ್ತಾರೆ, ಇಲ್ಲವೆ ಸುಣ್ಣ ಬಳಿಯುತ್ತಾರೆ. ತೋಟದ ದಕ್ಷಿಣ ಮತ್ತು ಪಶ್ಚಿಮ ಅಂಚಿನಲ್ಲಿ ನೆರಳಿನ ಮರ ಬೆಳೆಸುತ್ತಾರೆ. ಬಾಲ್ಕನಿಯಲ್ಲಿ ನಾವು ಮಾಡಬೇಕಾದದ್ದು ಅದೇ ಲೆಕ್ಕವನ್ನು. ಅಲ್ಲಿ ಬಿಸಿಲನ್ನು ತಪ್ಪಿಸುವುದು, ಇಲ್ಲಿ ಹುಡುಕಿಕೊಂಡು ಹೋಗುವುದು, ಅಷ್ಟೇ ವ್ಯತ್ಯಾಸ.

ಹಗಲಿನ ಉದ್ದ ಇಲ್ಲಿ ಹೆಚ್ಚಿನ ಪಾತ್ರ ವಹಿಸುವುದಿಲ್ಲ. ಬೆಂಗಳೂರಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಬಾಲ್ಕನಿಯ ಬೆಳಕನ್ನು ಬದಲಿಸುವುದು ಬಿಸಿಲು ಬರುವ ದಿಕ್ಕು ಮತ್ತು ಕೋನ.

ಒಂದು ಅಡಿಯ ಕೋಲಿನಿಂದ ಅಳತೆ

ಇದನ್ನು ಅಳೆಯಲು ಉಪಕರಣ ಬೇಕಿಲ್ಲ. ಸರಿಯಾಗಿ 12 ಅಂಗುಲ ಉದ್ದದ ಒಂದು ನೇರ ಕೋಲನ್ನು ತಾರಸಿಯ ಮೇಲೆ ಅಥವಾ ಅಂಗಳದ ಸಮತಟ್ಟಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಗಡಿಯಾರದ 12 ಗಂಟೆಯೇ ನಿಜವಾದ ಮಧ್ಯಾಹ್ನವಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ ಸಮಯವನ್ನು ತೋರಿಸುತ್ತದೆ. ಬೆಂಗಳೂರು ಅದಕ್ಕಿಂತ ಪಶ್ಚಿಮದಲ್ಲಿರುವುದರಿಂದ ಇಲ್ಲಿ ಸೂರ್ಯನು ಅತಿ ಎತ್ತರಕ್ಕೆ ಬರುವುದು ಸರಾಸರಿ 12 ಗಂಟೆ 20 ನಿಮಿಷಕ್ಕೆ. ನವೆಂಬರ್ ಆರಂಭದಲ್ಲಿ ಇದು 12 ಗಂಟೆ ದಾಟಿದ ಕೂಡಲೇ ಆಗುತ್ತದೆ, ಫೆಬ್ರುವರಿಯಲ್ಲಿ ಸುಮಾರು ಹನ್ನೆರಡೂವರೆಗೆ. ಆದ್ದರಿಂದ 11.45ರಿಂದ 12.45ರವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕುವುದು ಒಳ್ಳೆಯದು. ಅತಿ ಚಿಕ್ಕ ನೆರಳನ್ನು ಅಳತೆಗೆ ತೆಗೆದುಕೊಳ್ಳಿ. ಆ ನೆರಳು ಬಿದ್ದ ಗೆರೆಯೇ ಸರಿಯಾದ ಉತ್ತರ-ದಕ್ಷಿಣ.

ಬೆಂಗಳೂರಿನಲ್ಲಿ 12 ಅಂಗುಲದ ಕೋಲಿಗೆ ಮಧ್ಯಾಹ್ನದ ನೆರಳು ಹೀಗಿರುತ್ತದೆ:

- ಡಿಸೆಂಬರ್ 21: ಉತ್ತರಕ್ಕೆ ಸುಮಾರು 9 ಅಂಗುಲ
- ಅಕ್ಟೋಬರ್ 21 ಮತ್ತು ಫೆಬ್ರುವರಿ 20: ಉತ್ತರಕ್ಕೆ ಸುಮಾರು 5 ಅಂಗುಲ
- ಮಾರ್ಚ್ 21 ಮತ್ತು ಸೆಪ್ಟೆಂಬರ್ 23: ಉತ್ತರಕ್ಕೆ ಸುಮಾರು ಎರಡೂಮುಕ್ಕಾಲು ಅಂಗುಲ
- ಏಪ್ರಿಲ್ 24 ಮತ್ತು ಆಗಸ್ಟ್ 18: ನೆರಳಿಲ್ಲ
- ಜೂನ್ 21: ದಕ್ಷಿಣಕ್ಕೆ ಸುಮಾರು ಎರಡೂಕಾಲು ಅಂಗುಲ

ಈ ಅಳತೆಯಿಂದ ಬಾಲ್ಕನಿಯ ಬಿಸಿಲನ್ನು ತ್ರೈರಾಶಿಯಿಂದ ತಿಳಿಯಬಹುದು. 1 ಅಡಿ ಕೋಲಿನ ನೆರಳು 9 ಅಂಗುಲವಾದರೆ, ನೆಲದಿಂದ 9 ಅಡಿ ಎತ್ತರದಲ್ಲಿರುವ ಸೂರಿನ ಅಂಚಿನ ನೆರಳು 81 ಅಂಗುಲ, ಅಂದರೆ ಸುಮಾರು 6 ಮುಕ್ಕಾಲು ಅಡಿ ಒಳಗೆ ಬೀಳುತ್ತದೆ. ಅಲ್ಲಿಯವರೆಗೆ ಬಿಸಿಲು ನುಗ್ಗುತ್ತದೆ ಎಂದರ್ಥ. ಅದೇ ರೀತಿ 3 ಅಡಿ ಎತ್ತರದ ಮೋಟುಗೋಡೆಯ ನೆರಳು 27 ಅಂಗುಲ. ಅಂದರೆ ಮೋಟುಗೋಡೆಯಿಂದ ಎರಡೂಕಾಲು ಅಡಿಯವರೆಗಿನ ನೆಲ ನೆರಳಿನಲ್ಲೇ ಉಳಿಯುತ್ತದೆ. ಸೂರಿನ ನೆರಳು ಮತ್ತು ಮೋಟುಗೋಡೆಯ ನೆರಳು, ಈ ಎರಡರ ನಡುವಿನ ಪಟ್ಟಿಯೇ ನಮ್ಮ ಹೊಲ. ಮೋಟುಗೋಡೆಯ ಬದಲು ಕಂಬಿಗಳಿದ್ದರೆ ಕೆಳಗಿನ ನೆರಳಿನ ತೊಂದರೆ ಅಷ್ಟಿರುವುದಿಲ್ಲ.

ಆ ಬಾಲ್ಕನಿಯ ಲೆಕ್ಕ

ನಮ್ಮ ರೈತರ ಬಾಲ್ಕನಿ 10 ಅಡಿ ಉದ್ದ, 4 ಅಡಿ ಅಗಲ. ಸೂರಿನ ಎತ್ತರ 9 ಅಡಿ. ಮುಂದೆ 3 ಅಡಿ ಎತ್ತರದ ಇಟ್ಟಿಗೆಯ ಮೋಟುಗೋಡೆ. ಮುಖ ನೇರ ದಕ್ಷಿಣಕ್ಕೆ. ಅವರು ಏಳೂ ಕುಂಡಗಳನ್ನು ನೆಲದ ಮೇಲೆ, ಓಡಾಡಲು ಅಡ್ಡವಾಗಬಾರದೆಂದು ಮನೆಯ ಗೋಡೆಗೆ ಒರಗಿಸಿ ಇಟ್ಟಿದ್ದರು. ವರ್ಷವಿಡೀ ಅವು ಅಲ್ಲೇ ಇದ್ದವು.

ಡಿಸೆಂಬರ್ 21ರ ಮಧ್ಯಾಹ್ನ ಈ ಬಾಲ್ಕನಿಯ ನೆಲದಲ್ಲಿ ಮೋಟುಗೋಡೆಯಿಂದ ಎರಡೂಕಾಲು ಅಡಿ ಆಚೆಗೆ ಬಿಸಿಲು ಆರಂಭವಾಗಿ ಹಿಂಬದಿಯ ಗೋಡೆಯವರೆಗೂ ಹರಡುತ್ತದೆ; ಗೋಡೆಯ ಮೇಲೂ ಮೂರೂವರೆ ಅಡಿಯಷ್ಟು ಏರುತ್ತದೆ. ಹಿಂದೆ ಒರಗಿಸಿದ ಕುಂಡಗಳಿಗೆ ಒಳ್ಳೆಯ ಬಿಸಿಲು ಸಿಕ್ಕಿತು. ಅವರು ಅದೃಷ್ಟವಶಾತ್ ಚಳಿಗಾಲಕ್ಕೆ ಸರಿಯಾದ ಜಾಗವನ್ನೇ ಆರಿಸಿದ್ದರು. ಆದರೂ ಒಂದು ಸಣ್ಣ ಕೊರತೆ ಇತ್ತು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಿಸಿಲು ಇನ್ನೂ ಓರೆಯಾಗಿರುವುದರಿಂದ ಮೋಟುಗೋಡೆಯ ನೆರಳು ಸುಮಾರು 3 ಅಡಿಯವರೆಗೆ ನೆಲವನ್ನು ಮುಚ್ಚುತ್ತದೆ. ಮೂರರ ಹೊತ್ತಿಗೂ ಹಾಗೆಯೇ. ಕುಂಡಗಳನ್ನು ಒಂದೂವರೆ ಅಡಿ ಎತ್ತರದ ಬೆಂಚಿನ ಮೇಲೆ ಇಟ್ಟರೆ ಆ ನೆರಳು ಅರ್ಧಕ್ಕೆ ಇಳಿದು, ಬೆಳಗ್ಗೆಯಿಂದ ಸಂಜೆಯವರೆಗೆ ಬಿಸಿಲು ಸಿಗುತ್ತದೆ.

ಮಾರ್ಚ್ 21ರ ಹೊತ್ತಿಗೆ ಚಿತ್ರ ಪೂರ್ತಿ ಬದಲಾಗುತ್ತದೆ. ಕೋಲಿನ ನೆರಳು ಎರಡೂಮುಕ್ಕಾಲು ಅಂಗುಲ. ಆದ್ದರಿಂದ ಸೂರಿನ ಕೆಳಗೆ ಬಿಸಿಲು 2 ಅಡಿಯವರೆಗೆ ಮಾತ್ರ ನುಗ್ಗುತ್ತದೆ. ಮೋಟುಗೋಡೆಯ ನೆರಳು 8 ಅಂಗುಲವನ್ನು ಕಬಳಿಸುತ್ತದೆ. ಉಳಿಯುವುದು ನೆಲದಲ್ಲಿ ಒಂದೂಕಾಲು ಅಡಿಗಿಂತ ಸ್ವಲ್ಪ ಹೆಚ್ಚಿನ ಅಗಲದ ಒಂದು ಪಟ್ಟಿ. ಹಿಂದಿನ ಗೋಡೆಗೆ ಒರಗಿದ ಕುಂಡಗಳಿಗೆ ಬಿಸಿಲೇ ಇಲ್ಲ. ಸೂರ್ಯನು ನೇರ ಪೂರ್ವದಲ್ಲಿ ಹುಟ್ಟುವ ಆ ದಿನ ಈ ಪಟ್ಟಿ ಬೆಳಗ್ಗೆಯಿಂದ ಸಂಜೆಯವರೆಗೂ ಅಷ್ಟೇ ಅಗಲವಿರುತ್ತದೆ. ಬದಿಯ ಗೋಡೆಗಳ ನೆರಳು ಮಾತ್ರ ಬೆಳಗ್ಗೆ ಮತ್ತು ಸಂಜೆ ಅದರ ಉದ್ದವನ್ನು ಕತ್ತರಿಸುತ್ತದೆ. ರೈತರು ಏಪ್ರಿಲ್‌ನಲ್ಲಿ ಗಿಡ ಸೊರಗಿತು ಎಂದರು. ನಿಜವಾಗಿ ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ ಅವರ ಕುಂಡಗಳು ಬಿಸಿಲಿನಿಂದ ಹೊರಬಿದ್ದಿದ್ದವು. ಗಿಡವು ಅದನ್ನು ಹೊರಗೆ ತೋರಿಸಲು ಮೂರು ನಾಲ್ಕು ವಾರ ತೆಗೆದುಕೊಂಡಿತು.

ಏಪ್ರಿಲ್ 21ಕ್ಕೆ ಬಿಸಿಲು ಅಂಚಿನಿಂದ ಎರಡು ಅಂಗುಲ ಮಾತ್ರ ಒಳಗೆ ಬರುತ್ತದೆ. ಅದು ಮೋಟುಗೋಡೆಯ ದಪ್ಪವನ್ನೂ ದಾಟುವುದಿಲ್ಲ. ಅಲ್ಲಿಂದ ಆಗಸ್ಟ್ ಕೊನೆಯವರೆಗೆ ಈ ಬಾಲ್ಕನಿಗೆ ಆಕಾಶದ ಬೆಳಕು ಮಾತ್ರ ಗತಿ.

ಅದೇ ಮನೆಯ ಉತ್ತರಕ್ಕೆ ಪಾತ್ರೆ ತೊಳೆಯುವ ಒಂದು ಸಣ್ಣ ಬಾಲ್ಕನಿ ಇತ್ತು. ಅಲ್ಲಿ ಕತ್ತಲೆಂದು ಯಾರೂ ಕುಂಡ ಇಟ್ಟಿರಲಿಲ್ಲ. ಜೂನ್ 21ರಂದು ಅಲ್ಲಿ ಬೆಳಗ್ಗೆ ಎಂಟೂಕಾಲು ದಾಟಿದ ಹೊತ್ತಿಗೆ ಬಿಸಿಲು ಓರೆಯಾಗಿ ನಾಲ್ಕೂಮುಕ್ಕಾಲು ಅಡಿಯಷ್ಟು ಒಳಗೆ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಹಿಂದೆ ಸರಿದು ಒಂದೂಮುಕ್ಕಾಲು ಅಡಿಯ ಒಳಗೆ ನಿಂತು, ಸಂಜೆ ಮತ್ತೆ ಒಳಕ್ಕೆ ಬರುತ್ತದೆ. ಮನೆಯವರು ಜೂನ್‌ನಲ್ಲಿ ಬಿಸಿಲನ್ನು ಹುಡುಕುತ್ತಿದ್ದರೆ ಅದು ಬಚ್ಚಲ ಕಡೆ ಇತ್ತು.

ಯಾವ ಕಾಲಕ್ಕೆ ಯಾವ ಜಾಗ

ಈ ಲೆಕ್ಕದಿಂದ ದಕ್ಷಿಣದ ಬಾಲ್ಕನಿಗೆ ವರ್ಷದಲ್ಲಿ ಮೂರು ಜಾಗಗಳು ಸಾಕೆಂದು ತಿಳಿಯುತ್ತದೆ.

ಮೊದಲನೆಯದು ಚಳಿಗಾಲದ ಜಾಗ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ಮಧ್ಯದವರೆಗೆ ಮೆಣಸಿನಕಾಯಿ, ಟೊಮೇಟೊ, ಗುಲಾಬಿ, ಚೆಂಡುಹೂ, ತುಳಸಿ ಇವುಗಳನ್ನು ಹಿಂದಿನ ಗೋಡೆಯ ಹತ್ತಿರ, ಒಂದೂವರೆ ಅಡಿ ಬೆಂಚಿನ ಮೇಲೆ ಇಡಬಹುದು. ಗಿಡದ ತುದಿ ನೆಲದಿಂದ ಮೂರೂವರೆ ಅಡಿಗಿಂತ ಮೇಲೆ ಹೋದರೆ ಡಿಸೆಂಬರ್‌ನಲ್ಲೂ ಸೂರಿನ ನೆರಳು ತುದಿಯನ್ನು ಮುಚ್ಚುತ್ತದೆ. ಅಂತಹ ಗಿಡವನ್ನು ಸ್ವಲ್ಪ ಮುಂದಕ್ಕೆ ತರಬೇಕು. ಅಕ್ಟೋಬರ್ ಮತ್ತು ಫೆಬ್ರುವರಿಯಲ್ಲಿ ಸೂರಿನ ಕೆಳಗೆ ಬಿಸಿಲು ನೆಲದಲ್ಲಿ 4 ಅಡಿಯವರೆಗೆ ಮಾತ್ರ ಬರುವುದರಿಂದ ಆಗ ಬೆಂಚನ್ನೇ ಗೋಡೆಯಿಂದ ಒಂದು ಒಂದೂವರೆ ಅಡಿ ಮುಂದಕ್ಕೆ ಎಳೆಯಬೇಕಾಗುತ್ತದೆ.

ಎರಡನೆಯದು ಅಂಚಿನ ಜಾಗ. ಫೆಬ್ರುವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ, ಮತ್ತೆ ಸೆಪ್ಟೆಂಬರ್ ಎರಡನೆಯ ವಾರದಿಂದ ಅಕ್ಟೋಬರ್ ಮಧ್ಯದವರೆಗೆ, ಕುಂಡಗಳನ್ನು ಮೋಟುಗೋಡೆಗೆ ತಾಗಿಸಿ 2 ಅಡಿ ಎತ್ತರದ ಸ್ಟ್ಯಾಂಡಿನ ಮೇಲೆ ಇಡಬೇಕು. ಆ ಎತ್ತರದಲ್ಲಿ ಮೋಟುಗೋಡೆಯ ನೆರಳು ಮಾರ್ಚ್ 21ರಂದು ಎರಡು ಮೂರು ಅಂಗುಲ ಮಾತ್ರ. ನೆಲದ ಮೇಲೆಯೇ ಅಂಚಿಗೆ ತಾಗಿಸಿಟ್ಟರೆ ಕುಂಡವೂ ಗಿಡದ ಬುಡವೂ ನೆರಳಿನಲ್ಲಿ ಉಳಿಯುತ್ತವೆ. ಮೋಟುಗೋಡೆಯ ತಲೆಯ ಮೇಲೆ ಕುಂಡ ಇಡುವ ಅಭ್ಯಾಸ ಬೇಡ; ಮುಂಗಾರಿಗೆ ಮುಂಚಿನ ಗಾಳಿಗೆ ಕುಂಡ ಕೆಳಗೆ ಬಿದ್ದರೆ ಅನಾಹುತವಾದೀತು.

ಮೂರನೆಯದು ಬೇಸಿಗೆ ಮತ್ತು ಮುಂಗಾರಿನ ಜಾಗ. ಏಪ್ರಿಲ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಬಿಸಿಲು ಬೇಡುವ ಗಿಡಗಳು ಉತ್ತರದ ಬಾಲ್ಕನಿಗೋ ತಾರಸಿಗೋ ಹೋಗಬೇಕು. ಉತ್ತರದಲ್ಲಿ ಅವುಗಳನ್ನು ಅಂಚಿನಿಂದ ಒಂದೂವರೆ ಅಡಿಯೊಳಗೆ, ಎತ್ತರಿಸಿ ಇಡಬೇಕು. ಖಾಲಿಯಾದ ದಕ್ಷಿಣದ ಬಾಲ್ಕನಿಗೆ ಪುದೀನ, ದೊಡ್ಡಪತ್ರೆ, ವೀಳ್ಯದೆಲೆ ಬಳ್ಳಿ, ಮನಿಪ್ಲಾಂಟ್, ಜರಿಗಿಡ ಇವುಗಳನ್ನು ತರಬಹುದು. ಉತ್ತರಕ್ಕೂ ತಾರಸಿಗೂ ಅವಕಾಶವಿಲ್ಲದವರು ಆ ತಿಂಗಳುಗಳಲ್ಲಿ ಹಣ್ಣು ಕಾಯಿಯ ಗಿಡ ಬಿಟ್ಟು ಸೊಪ್ಪಿನ ಗಿಡಗಳಿಗೆ ತೃಪ್ತರಾಗುವುದು ಲೇಸು. ಗೊಬ್ಬರ ಸುರಿದು ಬಿಸಿಲನ್ನು ತುಂಬಿಕೊಡಲಾಗುವುದಿಲ್ಲ.

ಇಲ್ಲಿ ನೆನಪಿಡಬೇಕಾದ ಒಂದು ಮಾತಿದೆ. ಸೂರ್ಯನು ವರ್ಷವಿಡೀ ಒಂದೇ ವೇಗದಲ್ಲಿ ಸರಿಯುವುದಿಲ್ಲ. ಡಿಸೆಂಬರ್ ಮತ್ತು ಜೂನ್ ಕೊನೆಯ ವಾರಗಳ ಆಸುಪಾಸಿನಲ್ಲಿ ಅವನು ನಿಂತಂತೆಯೇ ಇರುತ್ತಾನೆ. ಒಂದು ತಿಂಗಳು ಕುಂಡ ಮುಟ್ಟದಿದ್ದರೂ ನಡೆಯುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಒಂದು ತಿಂಗಳಿಗೆ ಸುಮಾರು 12 ಡಿಗ್ರಿ ಓಡುತ್ತಾನೆ. ಆಗ ಹತ್ತು ಹದಿನೈದು ದಿನಕ್ಕೊಮ್ಮೆ ನೋಡದಿದ್ದರೆ ಗಿಡ ಹಿಂದೆ ಬೀಳುತ್ತದೆ. ಹಾಗೆಯೇ ಉತ್ತರಾಯಣವೆಂದು ನಾವು ಸಂಕ್ರಾಂತಿ ಹಬ್ಬ ಮಾಡುವುದಕ್ಕೆ ಮೂರು ವಾರ ಮೊದಲೇ, ಡಿಸೆಂಬರ್ 21-22ರಂದೇ, ಸೂರ್ಯನು ಉತ್ತರಕ್ಕೆ ತಿರುಗಿರುತ್ತಾನೆ. ಕುಂಡಗಳ ಲೆಕ್ಕಕ್ಕೆ ಈ ದಿನವನ್ನೇ ಹಿಡಿಯಬೇಕು.

ಬೆಳಕಿನ ಕೊರತೆಯೋ ಗೊಬ್ಬರದ ಕೊರತೆಯೋ

ನಮ್ಮ ರೈತರು ಕಳೆದುಕೊಂಡ ಎರಡು ಗಿಡಗಳು ನೆರಳಿನಿಂದ ಸಾಯಲಿಲ್ಲ. ನೆರಳನ್ನು ಹಸಿವೆಂದು ತಿಳಿದುದರಿಂದ ಸತ್ತವು. ಬೆಳಕು ಕಡಿಮೆಯಾದಾಗ ಎಲೆ ಆಹಾರ ತಯಾರಿಸುವುದೂ ನೀರು ಎಳೆಯುವುದೂ ಕಡಿಮೆಯಾಗುತ್ತದೆ. ಮೊದಲಿನಷ್ಟೇ ನೀರು ಹಾಕಿದರೂ ಕುಂಡದ ಮಣ್ಣು ಒಣಗುವುದಿಲ್ಲ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಮೇಲೆ ಯೂರಿಯಾ ಹಾಕಿದರೆ ಮೆತ್ತನೆಯ ಉದ್ದ ಚಿಗುರು ಬಂದು ಇನ್ನಷ್ಟು ಬಲಹೀನವಾಗುತ್ತದೆ.

ಬೆಳಕಿನ ಕೊರತೆಯಿದ್ದಾಗ ಗೆಣ್ಣಿನಿಂದ ಗೆಣ್ಣಿಗೆ ಅಂತರ ಉದ್ದವಾಗುತ್ತದೆ, ಕಾಂಡ ತೆಳುವಾಗುತ್ತದೆ, ಇಡೀ ಗಿಡ ಹೊರಗಡೆಗೆ ವಾಲುತ್ತದೆ, ಹೊಸ ಎಲೆ ಅಗಲವಾಗಿ ತೆಳ್ಳಗೆ ಬರುತ್ತದೆ, ಹೂ ಕಟ್ಟದೆ ಉದುರುತ್ತದೆ. ಸಾರಜನಕದ ಕೊರತೆಯಲ್ಲಿ ಗಿಡ ಕುಳ್ಳಾಗಿ ಉಳಿದು, ಹಳದಿ ಬಣ್ಣ ಕೆಳಗಿನ ಹಳೆಯ ಎಲೆಗಳಿಂದ ಆರಂಭವಾಗುತ್ತದೆ. ಗಿಡ ಒಂದು ಕಡೆಗೆ ವಾಲುವುದಿಲ್ಲ. ಅನುಮಾನವಿದ್ದರೆ ಗಿಡದ ತುದಿಯ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿದು ನೋಡಿ. ಬೆರಳುಗಳ ಗೆರೆ ಸ್ಪಷ್ಟವಾಗಿ ಮೂಡಿದರೆ ನೇರ ಬಿಸಿಲು. ಮಬ್ಬು ನೆರಳು ಬಿದ್ದರೆ ಸೊಪ್ಪಿನ ಗಿಡಕ್ಕೆ ಸಾಕು, ಕಾಯಿ ಬಿಡುವ ಗಿಡಕ್ಕೆ ಸಾಲದು. ನೆರಳೇ ಕಾಣದಿದ್ದರೆ ಯಾವ ಬೆಳೆಯನ್ನೂ ಅಲ್ಲಿ ಇಡಬಾರದು. ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡೂಕಾಲು, ಸಂಜೆ ಮೂರು ಗಂಟೆಗೆ ಹೀಗೆ ನೋಡಿದರೆ ಆ ಜಾಗದ ಗುಣ ತಿಳಿಯುತ್ತದೆ. ಮೆಣಸಿನಕಾಯಿ, ಟೊಮೇಟೊ, ಗುಲಾಬಿಗಳಿಗೆ ದಿನಕ್ಕೆ ಆರು ಗಂಟೆಯಷ್ಟು ನೇರ ಬಿಸಿಲು ಇದ್ದರೆ ಒಳ್ಳೆಯದು.

ಬದಲಿಸುವಾಗ ಎಚ್ಚರ

ನೆರಳಿನಲ್ಲಿ ಬೆಳೆದ ಎಲೆಯನ್ನು ಒಮ್ಮೆಲೇ ಏಪ್ರಿಲ್ ತಿಂಗಳ ತಾರಸಿಗೆ ಕೊಂಡೊಯ್ದರೆ ಎರಡು ಮೂರು ದಿನಗಳಲ್ಲಿ ಸೂರ್ಯನಿಗೆ ಎದುರಾದ ಎಲೆಗಳ ಮೇಲೆ ಬಿಳಿಚಿದ ಮಚ್ಚೆಗಳು ಮೂಡಿ ಕಂದಾಗಿ ಒಣಗುತ್ತವೆ. ಇದನ್ನು ರೋಗವೆಂದು ಔಷಧಿ ಸಿಂಪಡಿಸುವವರಿದ್ದಾರೆ. ರೋಗದ ಮಚ್ಚೆ ಒಳಗಿನ ಮತ್ತು ಕೆಳಗಿನ ಎಲೆಗಳ ಮೇಲೂ ಬರುತ್ತದೆ. ಬಿಸಿಲಿನ ಸುಡುವಿಕೆ ಮೇಲಕ್ಕೆ ತೆರೆದುಕೊಂಡ ಭಾಗದಲ್ಲಿ ಮಾತ್ರ. ಇದನ್ನು ತಪ್ಪಿಸಲು ಮೊದಲ ಎರಡು ಮೂರು ದಿನ ಬೆಳಗಿನ ಬಿಸಿಲು ಮಾತ್ರ ತಾಗುವಂತೆ ಇಟ್ಟು, ದಿನದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸಿ, ಒಂದು ವಾರದಿಂದ ಹತ್ತು ದಿನಗಳಲ್ಲಿ ಪೂರ್ತಿ ಬಿಸಿಲಿಗೆ ಒಗ್ಗಿಸಬೇಕು. ಬಿಸಿಲಿನಿಂದ ನೆರಳಿಗೆ ತರುವಾಗ ಎಲೆ ಸುಡುವ ಭಯವಿಲ್ಲ. ಆದರೆ ನೀರನ್ನು ಅಂದೇ ಕಡಿಮೆ ಮಾಡಬೇಕು. ಬೆರಳನ್ನು ಮಣ್ಣಿನಲ್ಲಿ ಒಂದೂವರೆ ಅಂಗುಲ ಇಳಿಸಿ, ಒಣಗಿದ್ದರೆ ಮಾತ್ರ ನೀರು ಕೊಡಿ.

12 ಅಂಗುಲದ ಕುಂಡ ನೀರು ಕುಡಿದಾಗ 20 ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ವಯಸ್ಸಾದವರು ಅದನ್ನು ಎತ್ತುವುದು ಬೇಡ. ನೀರು ಹಾಕುವ ಮೊದಲು, ಮಣ್ಣು ಒಣಗಿದ್ದಾಗ, ಗಾಲಿ ಹಾಕಿದ ಹಲಗೆಯ ಮೇಲೆ ಜಾರಿಸಿ ಸಾಗಿಸಬಹುದು. ಪದೇ ಪದೇ ಸಾಗಿಸಬೇಕಾದ ಗಿಡಗಳಿಗೆ 8 ರಿಂದ 10 ಅಂಗುಲದ ಕುಂಡಗಳೇ ಅನುಕೂಲ.

ಈ ಲೆಕ್ಕದ ಮಿತಿ

ಮೇಲೆ ಕೊಟ್ಟ ಅಳತೆಗಳು ಮುಖ ನೇರ ದಕ್ಷಿಣಕ್ಕೋ ಉತ್ತರಕ್ಕೋ ಇರುವ, ಎದುರಿಗೆ ಕಟ್ಟಡವಾಗಲಿ ಮರವಾಗಲಿ ಇಲ್ಲದ ಬಾಲ್ಕನಿಗೆ ಅನ್ವಯಿಸುತ್ತವೆ. ಮುಖ ಆಗ್ನೇಯಕ್ಕೆ ವಾಲಿದ್ದರೆ ಜೂನ್‌ನಲ್ಲೂ ಬೆಳಗಿನ ಸ್ವಲ್ಪ ಬಿಸಿಲು ಸಿಗುತ್ತದೆ. ಪೂರ್ವ ಮತ್ತು ಪಶ್ಚಿಮದ ಬಾಲ್ಕನಿಗಳಲ್ಲಿ ವರ್ಷವಿಡೀ ಅರ್ಧ ದಿನದ ಬಿಸಿಲು ಇದ್ದೇ ಇರುತ್ತದೆ; ಅದು ಬೀಳುವ ಮೂಲೆ ಮಾತ್ರ ಬದಲಾಗುತ್ತದೆ. ಅಂತಹವರು ತ್ರೈರಾಶಿಯನ್ನು ಬಿಟ್ಟು, ಪ್ರತಿ ತಿಂಗಳ 21ರಂದು ನೆಲದ ಮೇಲೆ ಬಿಸಿಲಿನ ಅಂಚಿಗೆ ಗುರುತು ಹಾಕಿ ಬರೆದಿಡುವುದು ಸೂಕ್ತ. ಒಂದು ಅನುಕೂಲವಿದೆ: ಡಿಸೆಂಬರ್‌ನಿಂದ ಜೂನ್‌ವರೆಗೆ ಗುರುತು ಮಾಡಿದರೆ ಸಾಕು. ಜೂನ್ ನಂತರ ಸೂರ್ಯನು ಬಂದ ದಾರಿಯಲ್ಲೇ ಹಿಂತಿರುಗುತ್ತಾನೆ. ಮೇ 21ರ ಗುರುತು ಜುಲೈ 23ಕ್ಕೂ, ಫೆಬ್ರುವರಿಯ ಗುರುತು ಅಕ್ಟೋಬರಿಗೂ ಒದಗುತ್ತದೆ.

ಇನ್ನೊಂದು ಮಿತಿ ಮೋಡದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದ ದಿನಗಳೇ ಹೆಚ್ಚು. ಮೋಡವಿದ್ದಾಗ ಬೆಳಕು ಒಂದು ದಿಕ್ಕಿನಿಂದ ಬರದೆ ಇಡೀ ಆಕಾಶದಿಂದ ಬರುತ್ತದೆ. ಆಗ ಉತ್ತರವೋ ದಕ್ಷಿಣವೋ ಎಂಬುದಕ್ಕಿಂತ ಕುಂಡಕ್ಕೆ ಆಕಾಶ ಎಷ್ಟು ಕಾಣುತ್ತದೆ ಎಂಬುದು ಮುಖ್ಯ. ಹಿಂದಿನ ಗೋಡೆಯ ಬುಡಕ್ಕಿಂತ ಅಂಚಿನಲ್ಲಿ ಎತ್ತರಿಸಿಟ್ಟ ಕುಂಡಕ್ಕೆ ಆಕಾಶ ಬಹಳ ಹೆಚ್ಚು ಕಾಣುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಯಾವ ಬಾಲ್ಕನಿಯಾದರೂ ಗಿಡಗಳು ಅಂಚಿಗೆ ಬರುವುದೇ ಸರಿ.

ಆ ಹಿರಿಯರು ಮರುವರ್ಷ ಮತ್ತೆ ಮೇಳಕ್ಕೆ ಬಂದಿದ್ದರು. ಮೆಣಸಿನ ಗಿಡಗಳನ್ನು ಏಪ್ರಿಲ್‌ನಲ್ಲಿ ಪಾತ್ರೆ ತೊಳೆಯುವ ಕಡೆಗೆ ಸಾಗಿಸಿದ್ದರಂತೆ. ಮೇ ತಿಂಗಳಲ್ಲಿ ಚೆನ್ನಾಗಿ ಕಾಯಿ ಬಿಟ್ಟಿತು, ಜುಲೈ ಮೋಡದಲ್ಲಿ ಕಡಿಮೆಯಾಯಿತು, ಗಿಡ ಮಾತ್ರ ಸಾಯಲಿಲ್ಲ ಎಂದರು. ಬಾಲ್ಕನಿಯ ನೆಲದ ತುಂಬ ಬಣ್ಣದ ಗೆರೆ ಎಳೆದು ತಿಂಗಳ ಹೆಸರು ಬರೆದಿದ್ದಾರಂತೆ.

"ಸೊಸೆ ಏನಂದ್ರು ಯಜಮಾನರೇ?" ಎಂದು ಕೇಳಿದೆ.

"ನೆಲ ಹಾಳು ಮಾಡಿದ್ರಿ ಅಂತ ಬೈದ್ಳು ಸಾರ್. ಆದ್ರೆ ಈಗ ಕುಂಡ ಸರಿಸೋ ದಿನ ಅವಳೇ ಜ್ಞಾಪಿಸ್ತಾಳೆ" ಎಂದರು.